ಸಕ್ಕರೆಯ ಎರಡು ಲೆಕ್ಕ, ರಕ್ತದ ಒಂದು ಸುಳಿವು

ಕೊಚ್ಚಿಯಲ್ಲಿ ಕೆಲಸದಲ್ಲಿರುವ 41 ವರ್ಷದ ಮಹಿಳೆಯೊಬ್ಬರ ಕೈಗೆ ವಾರ್ಷಿಕ ತಪಾಸಣೆಯ ವರದಿ ಬರುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 96. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.6. ಮೊದಲ ಅಂಕಿಯ ಪ್ರಕಾರ ಅವರಿಗೆ ಮಧುಮೇಹವಿಲ್ಲ, ಏಕೆಂದರೆ 100ರ ಒಳಗಿದ್ದರೆ ಸಹಜ. ಎರಡನೆಯದರ ಪ್ರಕಾರ ಇದೆ, ಏಕೆಂದರೆ 6.5 ದಾಟಿದರೆ ಮಧುಮೇಹ. ಕಾಸರಗೋಡಿನ ಕನ್ನಡ ಮನೆತನದ ಆಕೆ ಗಾಬರಿಯಿಂದ ತಿರುವನಂತಪುರದ ಸೋದರಮಾವನಿಗೆ ಫೋನ್ ಮಾಡುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಅಲ್ಲಿಯೇ ನೆಲೆಸಿರುವ ಮಾವನಿಗೆ ಇಪ್ಪತ್ತು ವರ್ಷಗಳಿಂದ ಮಧುಮೇಹ. ಈಚೆಗೆ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. “ನನ್ನದೇ 6.2 ಬಂದಿದೆಯಲ್ಲಮ್ಮ, ನಿನಗೆ ಹೇಗೆ ಅಷ್ಟು ಬಂತು?” ಎಂದು ಅವರಿಗೂ ಅಚ್ಚರಿ.

ಇಬ್ಬರೂ ನಿರ್ದಿಷ್ಟ ವ್ಯಕ್ತಿಗಳಲ್ಲ, ವಿಷಯ ಬಿಡಿಸಲು ಕಟ್ಟಿಕೊಂಡ ಉದಾಹರಣೆಗಳು. ಆದರೆ ಇಂಥ ವರದಿಗಳು ಅಪರೂಪವಲ್ಲ. ಮಧುಮೇಹವಿಲ್ಲದ ಸೊಸೆಗೆ ಹೆಚ್ಚು, ಇಪ್ಪತ್ತು ವರ್ಷದ ಮಧುಮೇಹಿ ಮಾವನಿಗೆ ಕಡಿಮೆ. ಎರಡೂ ಲ್ಯಾಬುಗಳು ಸರಿಯಾಗಿಯೇ ಅಳೆದಿವೆ. ಇಬ್ಬರಿಗೂ ಇರುವ ಇನ್ನೊಂದು ತೊಂದರೆಯ ಹೆಸರು ಒಂದೇ: ರಕ್ತಹೀನತೆ. ಒಂದೇ ಹೆಸರಿನ ತೊಂದರೆ ಒಬ್ಬರ ಅಂಕಿಯನ್ನು ಮೇಲಕ್ಕೂ ಇನ್ನೊಬ್ಬರದನ್ನು ಕೆಳಕ್ಕೂ ಎಳೆದದ್ದು ಹೇಗೆ ಎಂದು ತಿಳಿದರೆ, ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯನ್ನು ಯಾಕೆ ಓದಬಾರದು ಎಂಬುದೂ ತಿಳಿಯುತ್ತದೆ.

ಎರಡು ಪರೀಕ್ಷೆಗಳು ಅಳೆಯುವ ವಸ್ತುವೇ ಬೇರೆ. ಖಾಲಿ ಹೊಟ್ಟೆಯ ಸಕ್ಕರೆ ಎಂದರೆ, ರಾತ್ರಿಯೂಟದ ನಂತರ ಎಂಟು ಗಂಟೆಗೂ ಹೆಚ್ಚು ಏನೂ ತಿನ್ನದೆ ಇದ್ದಾಗ ರಕ್ತದಲ್ಲಿ ಕರಗಿರುವ ಗ್ಲುಕೋಸ್. ಅದು ಆ ಬೆಳಗಿನ, ಆ ಕ್ಷಣದ ಅಳತೆ. ಎಚ್‌ಬಿಎ1ಸಿ ಗ್ಲುಕೋಸನ್ನು ನೇರವಾಗಿ ಅಳೆಯುವುದೇ ಇಲ್ಲ. ಕೆಂಪು ರಕ್ತಕಣಗಳ ಒಳಗಿನ ಹಿಮೋಗ್ಲೋಬಿನ್‌ಗೆ ಗ್ಲುಕೋಸ್ ತಾನಾಗಿಯೇ, ನಿಧಾನವಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ನೂರು ಪಾಲು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಹೀಗೆ ಸಕ್ಕರೆ ಅಂಟಿದೆ ಎಂಬುದೇ ಎಚ್‌ಬಿಎ1ಸಿ. ಮಧುಮೇಹಿಗಳ ರಕ್ತದಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1968ರಲ್ಲಿ ಟೆಹರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಗಮನಿಸಿದರು. 2010ರಲ್ಲಿ ಅಮೆರಿಕದ ಮಧುಮೇಹ ಸಂಘ, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗ ಗುರುತಿಸುವ ಪರೀಕ್ಷೆಯಾಗಿಯೂ ಒಪ್ಪಿಕೊಂಡವು.

ಹಳೆಯ ಮನೆಗಳ ಸೌದೆ ಒಲೆಯನ್ನು ನೆನಪಿಸಿಕೊಳ್ಳಬಹುದು. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಪಾತ್ರೆಗಳಿಗೆ ಮಸಿ ಹಿಡಿಯುತ್ತದೆ. ಮಸಿಯ ದಪ್ಪ ನೋಡಿ ಒಲೆ ಎಷ್ಟು ಹೊಗೆಯಾಡಿದೆ ಎಂದು ಹೇಳಬಹುದು. ಆದರೆ ಅದಕ್ಕೊಂದು ಷರತ್ತಿದೆ: ಪಾತ್ರೆ ಎಷ್ಟು ದಿನದಿಂದ ಅಲ್ಲಿದೆ ಎಂಬುದು ಗೊತ್ತಿರಬೇಕು. ವರ್ಷಗಟ್ಟಲೆ ಅಲ್ಲೇ ಕೂತ ಪಾತ್ರೆ ಸಣ್ಣ ಹೊಗೆಗೂ ಕಪ್ಪಾಗಿರುತ್ತದೆ. ಮೊನ್ನೆ ತಂದಿಟ್ಟ ಪಾತ್ರೆ ದಟ್ಟ ಹೊಗೆಯಲ್ಲೂ ಹೊಳೆಯುತ್ತಿರುತ್ತದೆ. ಇಲ್ಲಿ ಹೊಗೆ ಎಂದರೆ ಸಕ್ಕರೆ, ಪಾತ್ರೆ ಎಂದರೆ ರಕ್ತಕಣ, ಮಸಿ ಎಂದರೆ ಎಚ್‌ಬಿಎ1ಸಿ.

ಆರೋಗ್ಯವಂತರಲ್ಲಿ ಒಂದು ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ದಿನವೂ ಒಂದಿಷ್ಟು ಹುಟ್ಟುತ್ತವೆ, ಅಷ್ಟೇ ಸಾಯುತ್ತವೆ. ಹೀಗಾಗಿ ಯಾವುದೇ ದಿನ ರಕ್ತ ತೆಗೆದರೂ ಅದರಲ್ಲಿರುವ ಕಣಗಳ ಸರಾಸರಿ ವಯಸ್ಸು ಅರವತ್ತು ದಿನದ ಆಸುಪಾಸು. “ಮೂರು ತಿಂಗಳ ಸರಾಸರಿ” ಎಂಬ ಹೆಸರು ಈ ಆಯಸ್ಸಿನಿಂದ ಬಂದದ್ದು. ಹೆಸರಿನೊಳಗೆ ಒಂದು ಊಹೆ ಅಡಗಿದೆ: ಎಲ್ಲರ ರಕ್ತಕಣಗಳ ವಯಸ್ಸೂ ಒಂದೇ ಎಂಬ ಊಹೆ. ರಕ್ತಹೀನತೆ ಮುರಿಯುವುದು ಇದನ್ನೇ.

ಸೊಸೆಯ ವಿಷಯಕ್ಕೆ ಬರೋಣ. ಆಕೆಗೆ ಎರಡು ವರ್ಷದಿಂದ ಮುಟ್ಟಿನ ಸ್ರಾವ ಹೆಚ್ಚು. ಅದೇ ವರದಿಯ ಬೇರೆ ಪುಟದಲ್ಲಿ ಹಿಮೋಗ್ಲೋಬಿನ್ 9.2 ಎಂದಿದೆ, ಮಹಿಳೆಯರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ರಕ್ತಕಣದ ಗಾತ್ರವನ್ನು ಹೇಳುವ ಎಂಸಿವಿ 70. ಅದು 80ರ ಮೇಲಿರಬೇಕು. ಮುಂದೆ ಮಾಡಿಸಿದ ಫೆರಿಟಿನ್ ಪರೀಕ್ಷೆಯಲ್ಲಿ 6 ಬಂತು. ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. 15ಕ್ಕಿಂತ ಕೆಳಗಿಳಿದರೆ ಉಗ್ರಾಣ ಬರಿದಾಗಿದೆ ಎಂದರ್ಥ. ಕಬ್ಬಿಣವಿಲ್ಲದೆ ಮೂಳೆಯ ಮಜ್ಜೆ ಹೊಸ ಕಣಗಳನ್ನು ಬೇಕಾದಷ್ಟು ತಯಾರಿಸಲಾರದು. ಹೊಸ ಕಣಗಳ ಹುಟ್ಟು ಇಳಿಯುತ್ತ ಹೋದಂತೆ ರಕ್ತದಲ್ಲಿ ಹಳೆಯವುಗಳ ಪಾಲು ಏರುತ್ತದೆ, ಸರಾಸರಿ ವಯಸ್ಸು ಹೆಚ್ಚುತ್ತದೆ. ಕಬ್ಬಿಣ ಕಡಿಮೆಯಾದ ಕಣದಲ್ಲಿ ಸಕ್ಕರೆ ಅಂಟುವ ರಾಸಾಯನಿಕ ಕ್ರಿಯೆಯೇ ಸ್ವಲ್ಪ ಚುರುಕಾಗುತ್ತದೆ ಎಂಬ ವಿವರಣೆಯೂ ಇದೆ. ಎರಡೂ ಒಂದೇ ದಿಕ್ಕಿಗೆ ತಳ್ಳುತ್ತವೆ: ಸಕ್ಕರೆ ಏರದೆಯೇ ಎಚ್‌ಬಿಎ1ಸಿ ಏರುತ್ತದೆ.

ಎಷ್ಟು ಏರಬಹುದು? ಒಂದು ಒರಟು ಲೆಕ್ಕ ಹಾಕಬಹುದು. ಅಂಟುವ ಸಕ್ಕರೆ ಕಣದ ವಯಸ್ಸಿಗೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ ಎಂದುಕೊಳ್ಳಿ. ಸರಾಸರಿ ವಯಸ್ಸು 60 ದಿನದಿಂದ 66ಕ್ಕೆ ಹೋದರೆ ಅದು ಹತ್ತನೇ ಒಂದು ಪಾಲು ಹೆಚ್ಚು. ಆಗ 6.0 ಇರಬೇಕಾದ ಅಂಕಿ 6.6 ಆಗುತ್ತದೆ. ಬರೀ ಆರು ದಿನದ ವ್ಯತ್ಯಾಸ ಒಬ್ಬರನ್ನು ಗಡಿಯ ಈಚೆಯಿಂದ ಆಚೆಗೆ ದಾಟಿಸಿಬಿಡುತ್ತದೆ. ವಾಸ್ತವದಲ್ಲಿ ಈ ಏರಿಕೆ ಎಲ್ಲರಲ್ಲೂ ಒಂದೇ ಅಲ್ಲ. ಸೌಮ್ಯ ಕೊರತೆಯಲ್ಲಿ ಗಮನಕ್ಕೆ ಬಾರದಷ್ಟು ಇರಬಹುದು, ತೀವ್ರವಾದಾಗ ಒಂದು ಅಂಶದ ಹತ್ತಿರಕ್ಕೂ ಹೋಗಬಹುದು. ಆದ್ದರಿಂದ “ರಕ್ತಹೀನತೆಗೆ ಇಷ್ಟು ಕಳೆಯಿರಿ” ಎಂಬ ಸೂತ್ರ ಇಲ್ಲ, ಇರಲೂ ಸಾಧ್ಯವಿಲ್ಲ. 10.5 ಬಂದವರು ಅದನ್ನು ಕಬ್ಬಿಣದ ಕೊರತೆಯ ತಲೆಗೆ ಕಟ್ಟುವಂತಿಲ್ಲ. ತೊಂದರೆ ಇರುವುದು ಗಡಿಯ ಬಳಿ, 5.7ರಿಂದ 7ರ ನಡುವೆ. ಹೊಸದಾಗಿ ಮಧುಮೇಹಿ ಎಂದು ಕರೆಸಿಕೊಳ್ಳುವ ಅನೇಕರು ನಿಂತಿರುವುದೂ ಅಲ್ಲಿಯೇ.

ಮಾವನ ಕಥೆ ಇದಕ್ಕೆ ತಿರುಗುಮುರುಗು. ಕಿಡ್ನಿ ಸೋತಾಗ, ರಕ್ತಕಣ ತಯಾರಿಸಲು ಮಜ್ಜೆಗೆ ಸೂಚನೆ ಕೊಡುವ ಎರಿಥ್ರೋಪೊಯಿಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಅದನ್ನು ಚುಚ್ಚುಮದ್ದಾಗಿ ಕೊಡುತ್ತಾರೆ. ಆಗ ಹೊಸ ಕಣಗಳು ದಂಡಿಯಾಗಿ ಬರುತ್ತವೆ. ಇತ್ತ ಕಿಡ್ನಿ ಕಾಯಿಲೆಯಲ್ಲಿ ಹಳೆಯ ಕಣಗಳು ಬೇಗ ಸಾಯುತ್ತವೆ, ಡಯಾಲಿಸಿಸ್‌ನಲ್ಲೂ ಒಂದಿಷ್ಟು ರಕ್ತ ನಷ್ಟವಾಗುತ್ತದೆ. ಅಟ್ಟದ ತುಂಬ ಹೊಸ ಪಾತ್ರೆಗಳು. ಅವರ ಬೆಳಗಿನ ಸಕ್ಕರೆ 158, ಊಟದ ನಂತರ 230. ಆದರೂ ಎಚ್‌ಬಿಎ1ಸಿ 6.2. ಸರಾಸರಿ ವಯಸ್ಸು 60ರಿಂದ 45 ದಿನಕ್ಕೆ ಇಳಿದರೆ 8.3 ಇರಬೇಕಾದದ್ದು ಸುಮಾರು 6.2 ಆಗಿ ಕಾಣುತ್ತದೆ. ಮನೆಯವರೆಲ್ಲ ನಿಶ್ಚಿಂತೆಯಿಂದ ಇದ್ದಾರೆ. ಕಣ್ಣಿನ ಅಕ್ಷಿಪಟಲಕ್ಕೆ, ಕಾಲಿನ ನರಗಳಿಗೆ ಆ ನಿಶ್ಚಿಂತೆಯ ಸುದ್ದಿ ತಲುಪಿಲ್ಲ.

ಹೀಗೆ ಕೆಳಕ್ಕೆ ಎಳೆಯುವ ಬೇರೆ ಕಾರಣಗಳೂ ಇವೆ: ಕಣಗಳು ಒಡೆದು ಆಗುವ ರಕ್ತಹೀನತೆ, ಈಚಿನ ರಕ್ತಸ್ರಾವ, ರಕ್ತ ಹಾಕಿಸಿಕೊಂಡದ್ದು. ವಯನಾಡು ಮತ್ತು ಅಟ್ಟಪ್ಪಾಡಿಯ ಆದಿವಾಸಿ ಸಮುದಾಯಗಳಲ್ಲಿ ಕಾಣುವ ಕುಡುಗೋಲು ಕಣ ರೋಗದಲ್ಲಿ ಕಣದ ಆಯಸ್ಸು ಕುಗ್ಗುವುದಷ್ಟೇ ಅಲ್ಲ, ಹಿಮೋಗ್ಲೋಬಿನ್ನೇ ಬೇರೆ ಬಗೆಯದು. ಅಲ್ಲಿ ಎಚ್‌ಬಿಎ1ಸಿಯನ್ನು ಅವಲಂಬಿಸುವಂತೆಯೇ ಇಲ್ಲ. ಕುಡುಗೋಲು ಕಣ ರೋಗ, ಡಯಾಲಿಸಿಸ್, ಈಚಿನ ರಕ್ತ ನಷ್ಟ, ರಕ್ತ ವರ್ಗಾವಣೆ, ಎರಿಥ್ರೋಪೊಯಿಟಿನ್ ಚಿಕಿತ್ಸೆ, ಗರ್ಭಾವಸ್ಥೆಯ ಕೊನೆಯ ಆರು ತಿಂಗಳು, ಇಂಥ ಸಂದರ್ಭಗಳಲ್ಲಿ ಮಧುಮೇಹವನ್ನು ರಕ್ತದ ಗ್ಲುಕೋಸ್‌ನಿಂದಲೇ ಗುರುತಿಸಬೇಕು ಎಂಬುದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ. ಅಂದರೆ ಈ ಮಿತಿ ಗುಟ್ಟಿನ ಸಂಗತಿಯಲ್ಲ. ಮಾರ್ಗಸೂಚಿಯಲ್ಲಿರುವುದು ವರದಿಯ ಹಾಳೆಗೆ ಇಳಿದು ಬಂದಿಲ್ಲ, ಅಷ್ಟೆ.

ಆ ಹಾಳೆಯ ಮೇಲೆ ಇನ್ನೊಂದು ಸಾಲು ಇರುತ್ತದೆ: “ಅಂದಾಜು ಸರಾಸರಿ ಗ್ಲುಕೋಸ್ 143”. ಎರಡನೇ ಪರೀಕ್ಷೆಯೊಂದು ಮೊದಲನೆಯದನ್ನು ಬೆಂಬಲಿಸಿದಂತೆ ಅದು ತೋರುತ್ತದೆ. ನಿಜದಲ್ಲಿ ಅದು ಪರೀಕ್ಷೆಯೇ ಅಲ್ಲ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಬರುವ ಉತ್ತರ. 2008ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಿಂದ ಬಂದ ಸೂತ್ರವದು. ಆ ಅಧ್ಯಯನದಿಂದ ರಕ್ತಹೀನತೆ ಇರುವವರನ್ನು, ಕಿಡ್ನಿ ಕಾಯಿಲೆಯವರನ್ನು, ಎರಿಥ್ರೋಪೊಯಿಟಿನ್ ಪಡೆಯುವವರನ್ನು ಮೊದಲೇ ಹೊರಗಿಡಲಾಗಿತ್ತು. ವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ಎಚ್ಚರಿಕೆಯೇ. ಆದರೆ ಹೊರಗಿಟ್ಟವರಿಗೇ ಆ ಸೂತ್ರವನ್ನು ಹಚ್ಚಿ, ಷರತ್ತನ್ನು ಹೇಳದೆ ಅಚ್ಚು ಹಾಕುವುದು ಸರಿಯಲ್ಲ.

ಈ ಷರತ್ತು ಎಷ್ಟು ಜನರಿಗೆ ಸಂಬಂಧಿಸಿದ್ದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ಇಡೀ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 48ರ ಹತ್ತಿರ. ಆರೋಗ್ಯದಲ್ಲಿ ಮುಂದಿರುವ ಕೇರಳದಲ್ಲೂ ಶೇ. 36. ಮೂವರಲ್ಲಿ ಒಬ್ಬರಿಗೆ ಅನ್ವಯಿಸದೆ ಹೋಗಬಹುದಾದ ಪರೀಕ್ಷೆಯನ್ನು ಅಪವಾದದ ಮಾತಿಲ್ಲದೆ ಬಳಸುವುದು ಹೇಗೆ?

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಸೊಸೆಯ 6.6 ಸುಳ್ಳೇ ಎಂದು ಹೇಗೆ ಗೊತ್ತು? ಬೆಳಗಿನ ಸಕ್ಕರೆ ಸಹಜವಾಗಿದ್ದು ಊಟದ ನಂತರ ಏರುವವರು ಇದ್ದಾರೆ. ಅನ್ನ, ದೋಸೆ, ಪುಟ್ಟು, ಕಪ್ಪ ಎಂದು ಪಿಷ್ಟವೇ ಹೆಚ್ಚಿರುವ ಊಟದವರಲ್ಲಿ ಇದು ಹೊಸದೇನಲ್ಲ. ಅಂಥವರಲ್ಲಿ ಎಚ್‌ಬಿಎ1ಸಿ ಹೇಳುವುದೇ ನಿಜ, ಖಾಲಿ ಹೊಟ್ಟೆಯ ಅಂಕಿ ಹೇಳುವುದು ಅರ್ಧ ಕಥೆ. ಇನ್ನೊಂದು ಸಾಧ್ಯತೆ, ಖಾಲಿ ಹೊಟ್ಟೆಯ ಅಂಕಿಯೇ ತಪ್ಪಿರುವುದು. ತೆಗೆದ ರಕ್ತದಲ್ಲಿನ ಕಣಗಳು ಕೊಳವೆಯೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಂಗ್ರಹ ಕೇಂದ್ರದಿಂದ ದೂರದ ಲ್ಯಾಬಿಗೆ ಹೋಗುವಷ್ಟರಲ್ಲಿ ಒಂದೆರಡು ಗಂಟೆ ಕಳೆದರೆ ಅಂಕಿ ನಿಜಕ್ಕಿಂತ ಇಳಿದಿರಬಹುದು. ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆ ಇದನ್ನು ತಡೆಯುತ್ತದೆ, ಆದರೆ ತಕ್ಷಣಕ್ಕೆ ಪೂರ್ತಿ ಅಲ್ಲ. ಆದ್ದರಿಂದ “ರಕ್ತಹೀನತೆ ಇದೆ, ಹಾಗಾಗಿ ಮಧುಮೇಹವಿಲ್ಲ” ಎಂದು ಕೈತೊಳೆದುಕೊಳ್ಳುವುದು ಕಣ್ಣುಮುಚ್ಚಿ ಮಾತ್ರೆ ಬರೆದಷ್ಟೇ ತಪ್ಪು.

ಈ ಗಂಟನ್ನು ಬಿಡಿಸುವ ಪರೀಕ್ಷೆ ಹಳೆಯದು, ಅಗ್ಗದ್ದು, ಬೇಸರದ್ದು. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲುಕೋಸ್ ಕರಗಿಸಿದ ನೀರು ಕುಡಿದು, ಎರಡು ಗಂಟೆ ಕೂತಿದ್ದು ಮತ್ತೆ ರಕ್ತ ಕೊಡಬೇಕು. ಎರಡು ಗಂಟೆಯ ಅಂಕಿ 140ರ ಒಳಗಿದ್ದರೆ ಸಹಜ, 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ, ನಡುವಿನದು ಅಂಚಿನ ಸ್ಥಿತಿ. ಇದು ಗ್ಲುಕೋಸನ್ನೇ ಅಳೆಯುತ್ತದೆ, ರಕ್ತಕಣದ ವಯಸ್ಸನ್ನು ಕೇಳುವುದಿಲ್ಲ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲ್ಲೂಕಿನಲ್ಲಿ 60 ಮತಗಟ್ಟೆ ವ್ಯಾಪ್ತಿಗಳ 1007 ಜನರ ಮೇಲೆ ನಡೆದು 2018ರಲ್ಲಿ ಫಲಿತಾಂಶ ಪ್ರಕಟವಾದ ಕೇರಳ ಮಧುಮೇಹ ತಡೆ ಕಾರ್ಯಕ್ರಮ, ಯಾರಿಗೆ ಮಧುಮೇಹ ಬಂದಿದೆ ಎಂದು ತೀರ್ಮಾನಿಸಲು ಬಳಸಿದ್ದು ಇದೇ ಸಕ್ಕರೆ ನೀರಿನ ಪರೀಕ್ಷೆಯನ್ನು. ಹಳ್ಳಿಯ ಸಾವಿರ ಜನರನ್ನು ಎರಡು ಗಂಟೆ ಕೂರಿಸಿ ಮಾಡಲು ಸಾಧ್ಯವಾದದ್ದು ನಗರದ ಲ್ಯಾಬಿನಲ್ಲಿ, ಅಂಕಿಗಳು ಜಗಳವಾಡುತ್ತಿರುವ ಒಬ್ಬರಿಗೆ ಅಸಾಧ್ಯವಾಗಬಾರದು.

ಸೊಸೆಗೆ ಅದನ್ನು ಮಾಡಿಸಿದರೆ ಎರಡು ಗಂಟೆಯ ಅಂಕಿ 132 ಬರುತ್ತದೆ ಎಂದುಕೊಳ್ಳೋಣ. ಒಂದು ವಾರ ಮನೆಯ ಗ್ಲುಕೋಮೀಟರ್‌ನಲ್ಲಿ ಊಟವಾದ ಎರಡು ಗಂಟೆಗೆ ನೋಡಿದರೆ 110ರಿಂದ 135. ಸರಾಸರಿಯೇ 143 ಆಗಬೇಕಾದರೆ ಈ ದಿನಚರಿಯಲ್ಲಿ ಎಲ್ಲೋ 180, 200 ಕಾಣಬೇಕಿತ್ತು, ಕಾಣಲಿಲ್ಲ. ಈಗ ತೀರ್ಮಾನಕ್ಕೆ ಆಧಾರವಿದೆ: ಮೊದಲು ಚಿಕಿತ್ಸೆ ಬೇಕಾದದ್ದು ಕಬ್ಬಿಣದ ಕೊರತೆಗೆ, ಅದಕ್ಕೆ ಕಾರಣವಾದ ಸ್ರಾವಕ್ಕೆ. ಸ್ತ್ರೀರೋಗ ತಜ್ಞರು ಗರ್ಭಕೋಶದ ಸ್ಕ್ಯಾನ್ ಮಾಡಿಸುತ್ತಾರೆ, ಕಬ್ಬಿಣದ ಮಾತ್ರೆ ಶುರುವಾಗುತ್ತದೆ.

ಇಲ್ಲಿ ಇನ್ನೊಂದು ಬಲೆ ಇದೆ. ಕಬ್ಬಿಣ ಸಿಕ್ಕ ಕೂಡಲೇ ಮಜ್ಜೆ ಹುರುಪಿನಿಂದ ಹೊಸ ಕಣಗಳನ್ನು ಹೊರಬಿಡುತ್ತದೆ. ಆಗ ಒಂದೆರಡು ತಿಂಗಳು ರಕ್ತದಲ್ಲಿ ಎಳೆಯ ಕಣಗಳೇ ಹೆಚ್ಚು. ಎಚ್‌ಬಿಎ1ಸಿ ನಿಜಕ್ಕಿಂತಲೂ ಕೆಳಗೆ ಇಳಿದು ಕಾಣಬಹುದು. ಆ ಹೊತ್ತಿಗೆ ನೋಡಿ “ವಾಸಿಯಾಯಿತು” ಎನ್ನುವುದೂ ತಪ್ಪು. ಹಿಮೋಗ್ಲೋಬಿನ್ ಸಹಜಕ್ಕೆ ಬಂದು, ಆ ಮೇಲೆ ಮೂರು ತಿಂಗಳು ಕಳೆದ ನಂತರ ಮತ್ತೆ ನೋಡಿದರೆ ಆ ಅಂಕಿಗೆ ಅರ್ಥವಿರುತ್ತದೆ. ಆಗ 5.8 ಬಂದರೆ ಆಕೆ ಮಧುಮೇಹಿಯಲ್ಲ, ಆದರೆ ಅಂಚಿಗೆ ಹತ್ತಿರ ಇರುವವರು, ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು. ಮತ್ತೆ 6.6 ಬಂದರೆ ಸಕ್ಕರೆಯ ಮೇಲಿನ ಅನುಮಾನ ಮರಳಿ ಬರುತ್ತದೆ, ಬರಬೇಕು.

ಮಾವನಿಗೆ ದಾರಿ ಬೇರೆ. ಅವರಿಗೆ ರೋಗವಿದೆಯೇ ಎಂಬ ಪ್ರಶ್ನೆ ಇಲ್ಲ, ಹತೋಟಿಯಲ್ಲಿದೆಯೇ ಎಂಬುದಷ್ಟೇ. ಅದಕ್ಕೆ ಬೆರಳು ಚುಚ್ಚಿ ನೋಡಿದ ಅಂಕಿಗಳ ಡೈರಿ, ಸಾಧ್ಯವಾದರೆ ಎರಡು ವಾರ ತೋಳಿಗೆ ಅಂಟಿಸುವ ಗ್ಲುಕೋಸ್ ಸೆನ್ಸರ್ ನೆರವಾಗುತ್ತದೆ. ಫ್ರಕ್ಟೊಸಮೈನ್ ಎಂಬ ಇನ್ನೊಂದು ಪರೀಕ್ಷೆ ರಕ್ತಕಣವನ್ನು ಬಿಟ್ಟು ರಕ್ತರಸದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು ಮೂರು ವಾರದ ಲೆಕ್ಕ ಕೊಡುತ್ತದೆ. ಆದರೆ ಮೂತ್ರದಲ್ಲಿ ಪ್ರೋಟೀನು ಸೋರುವ ಕಿಡ್ನಿ ರೋಗಿಗಳಲ್ಲಿ ಅದೂ ದಾರಿ ತಪ್ಪಿಸುತ್ತದೆ. ಇನ್ನೊಂದು ಎಚ್ಚರವೂ ಬೇಕು. 6.2 ಸುಳ್ಳೆಂದು ತಿಳಿದ ಕೂಡಲೇ ಮನೆಯವರೇ ಇನ್ಸುಲಿನ್ ಏರಿಸುವಂತಿಲ್ಲ. ಕಿಡ್ನಿ ಸೋತವರ ದೇಹದಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುವ ಅಪಾಯ ಅವರಿಗೆ ಜಾಸ್ತಿ. ಡೈರಿ ಹಿಡಿದು ವೈದ್ಯರ ಬಳಿಗೇ ಹೋಗಬೇಕು.

ಈ ಗೊಂದಲವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ದೊಡ್ಡ ಕಾರಣ, ತಪ್ಪಾಗಿ ಬರೆಸಿಕೊಂಡ ಮಾತ್ರೆಯಲ್ಲ, ತಪ್ಪಿಹೋದ ರೋಗ. ಸೊಸೆಗೆ ಸಕ್ಕರೆಯ ಮಾತ್ರೆ ಕೊಟ್ಟು ಕಳಿಸಿದ್ದರೆ ಹಿಮೋಗ್ಲೋಬಿನ್ 9.2 ಎಂಬ ಸಾಲು ಇನ್ನೊಂದು ವರ್ಷ ಹಾಗೆಯೇ ಬಿದ್ದಿರುತ್ತಿತ್ತು. ಅದೇ ಕಬ್ಬಿಣದ ಕೊರತೆ ಅರವತ್ತು ದಾಟಿದ ಗಂಡಸಿನಲ್ಲಿ ಕಂಡಿದ್ದರೆ ಅದು ಹೊಟ್ಟೆಯಲ್ಲಿ ಅಥವಾ ಕರುಳಿನಲ್ಲಿ ಸದ್ದಿಲ್ಲದೆ ರಕ್ತ ಸೋರುತ್ತಿರುವುದರ, ಒಮ್ಮೊಮ್ಮೆ ಕ್ಯಾನ್ಸರಿನ, ಮೊದಲ ಗುರುತಾಗಿರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಸಸ್ಯಾಹಾರಿಗಳಿಗೆ ಮೊದಲೇ ಅದರ ಕೊರತೆ. ಬಿ12 ಇಳಿದಾಗಲೂ ಹೊಸ ಕಣಗಳ ಹುಟ್ಟು ಕುಂಠಿತವಾಗಿ ಎಚ್‌ಬಿಎ1ಸಿ ಏರಿ ಕಾಣಬಹುದು. ಅದನ್ನು ನೋಡಿ ಮೆಟ್‌ಫಾರ್ಮಿನ್ ಪ್ರಮಾಣ ಏರಿಸಿದರೆ ಔಷಧವೇ ತನ್ನ ಅಗತ್ಯವನ್ನು ತಾನು ಹುಟ್ಟಿಸಿಕೊಂಡಂತಾಗುತ್ತದೆ.

ಎಚ್‌ಬಿಎ1ಸಿಯನ್ನು ಬಿಟ್ಟುಬಿಡಿ ಎನ್ನುವುದು ಇದರ ಅರ್ಥವಲ್ಲ. ಉಪವಾಸ ಬೇಡ, ದಿನದಿಂದ ದಿನಕ್ಕೆ ಏರಿಳಿಯುವುದಿಲ್ಲ, ಹಿಂದಿನ ರಾತ್ರಿ ಪಥ್ಯ ಮಾಡಿ ಮರುಳು ಮಾಡಲಾಗುವುದಿಲ್ಲ. ರಕ್ತ ಸರಿಯಿರುವವರಲ್ಲಿ ಅದಕ್ಕಿಂತ ಅನುಕೂಲದ ಪರೀಕ್ಷೆ ಇಲ್ಲ. ಕೇಳುತ್ತಿರುವುದು ಇಷ್ಟೇ: ಅದನ್ನು ಒಂಟಿಯಾಗಿ ಓದಬಾರದು. ಎಚ್‌ಬಿಎ1ಸಿಗೂ ಹಿಮೋಗ್ಲೋಬಿನ್, ಎಂಸಿವಿ ಹೇಳುವ ಸಿಬಿಸಿ ಪರೀಕ್ಷೆಗೂ ರಕ್ತ ಹಿಡಿಯುವುದು ಒಂದೇ ಬಗೆಯ ನೇರಳೆ ಮುಚ್ಚಳದ ಕೊಳವೆಯಲ್ಲಿ. ಎರಡಕ್ಕೂ ಒಂದೇ ಕೊಳವೆ ಸಾಕು, ಇನ್ನೊಮ್ಮೆ ಸೂಜಿ ಚುಚ್ಚಬೇಕಿಲ್ಲ. ತಪಾಸಣಾ ಪ್ಯಾಕೇಜುಗಳಲ್ಲಂತೂ ಎರಡೂ ಮೊದಲೇ ಇರುತ್ತವೆ, ಒಂದು ಎರಡನೇ ಪುಟದಲ್ಲಿ, ಇನ್ನೊಂದು ಏಳನೇ ಪುಟದಲ್ಲಿ. ಆ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿ, ಹಿಮೋಗ್ಲೋಬಿನ್ ಕಡಿಮೆ ಇದ್ದಾಗ “ಈ ಸರಾಸರಿ ಅನ್ವಯಿಸದಿರಬಹುದು, ಗ್ಲುಕೋಸ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ” ಎಂದು ಒಂದು ವಾಕ್ಯ ಸೇರಿಸಲು ಲ್ಯಾಬುಗಳಿಗೆ ಹೊಸ ಯಂತ್ರ ಬೇಕಿಲ್ಲ. ಆರೋಗ್ಯ ಇಲಾಖೆಗಳು ಅದನ್ನು ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ವರದಿ ಕೈಗೆ ಬಂದವರು ತಾವೇ ಪುಟ ತಿರುವಬಹುದು. ಸಕ್ಕರೆಯ ಎರಡು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಇಷ್ಟವಾದದ್ದನ್ನು ಆರಿಸಿಕೊಳ್ಳುವುದೂ ಬೇಡ, ಹೆದರಿಸಿದ್ದನ್ನು ನಂಬುವುದೂ ಬೇಡ. ಹಿಮೋಗ್ಲೋಬಿನ್ ಎಲ್ಲಿದೆ ಎಂದು ಹುಡುಕಿ, ಮೂರನ್ನೂ ಒಟ್ಟಿಗೆ ವೈದ್ಯರ ಮುಂದಿಡಬೇಕು. ಕೊಚ್ಚಿಯ ಸೊಸೆಗೂ ತಿರುವನಂತಪುರದ ಮಾವನಿಗೂ ಆ ದಿನ ಫೋನಿನಲ್ಲಿ ಪರಸ್ಪರ ಕೇಳಿಕೊಳ್ಳಲು ನೆನಪಾಗದೆ ಹೋದದ್ದು ಆ ಮೂರನೇ ಅಂಕಿ.